ಚಳಿಗಾಲದಲ್ಲೇ ಉಳಿದ ಫ್ಯಾನು

ಬಸುರಿ ನಾದಿನಿಗೆ ಆರು ತಿಂಗಳು ತುಂಬಿತ್ತು. ಹೊಲಿಗೆ ಅಂಗಡಿಯ ಸೆಕೆಗೆ ಆಗಲೇ ಎರಡು ಸಲ ತಲೆ ಸುತ್ತಿ ಕುಸಿದಿದ್ದಳು. ಇನ್ನೊಮ್ಮೆ ಹಾಗಾದರೆ ಕೆಲಸ ಬಿಟ್ಟು ಮನೆಯಲ್ಲಿರಬೇಕು ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು. ಮಿಷನ್ನೇ ಜೀವ ಎನ್ನುವ ಹುಡುಗಿಯನ್ನು ಮನೆಗೆ ಕಳಿಸಲು ಅತ್ತಿಗೆಗೆ ಸುತರಾಂ ಮನಸ್ಸಿಲ್ಲ. ಅಂಗಡಿಯೂ ಅವಳದೇ, ಹಟವೂ ಅವಳದೇ.

ಏಸಿಯನ್ನು ಇಪ್ಪತ್ತಕ್ಕೆ ಇಳಿಸಿ ನೋಡಿದ್ದಾಯಿತು. ಇಸ್ತ್ರಿಪೆಟ್ಟಿಗೆಯ ಕಾವು, ಹೊರಗಿನ ಬಿಸಿಲು ಸೇರಿ ಅದು ಬಿಡುವಿಲ್ಲದೆ ದುಡಿದು ದುಡಿದು ಮಧ್ಯಾಹ್ನದ ಹೊತ್ತಿಗೆ ಕೈಕೊಡುತ್ತಿತ್ತು. ರಿಪೇರಿಯವನು ಬಂದು, ಇಪ್ಪತ್ತಾರಕ್ಕೆ ಏರಿಸಿ ಜೊತೆಗೆ ಫ್ಯಾನ್ ಹಾಕಿ ಎಂದ. ಫ್ಯಾನು ಕೋಣೆಯನ್ನು ತಣಿಸುವುದಿಲ್ಲ, ಆದರೆ ಗಾಳಿ ಮೈಗೆ ತಾಗಿದರೆ ಆ ಇಪ್ಪತ್ತಾರೂ ತಂಪೆನಿಸುತ್ತದೆ, ಏಸಿಗೂ ನಡುನಡುವೆ ಬಿಡುವು ಸಿಗುತ್ತದೆ ಎಂದು ಬಿಡಿಸಿ ಹೇಳಿದ.

ಹಾಗೇ ಮಾಡಿದರು. ಏಸಿ ಕೆಟ್ಟು ನಿಲ್ಲಲಿಲ್ಲ, ನಾದಿನಿಯ ಬೆವರೂ ನಿಲ್ಲಲಿಲ್ಲ. ಊಟದ ಹೊತ್ತಿಗೆ ಅವಳ ಮುಖ ಬಿಳಿಚಿಕೊಂಡಿತು. ಮನೆಗೇ ಹೋಗುತ್ತೇನೆ ಎಂದು ಚೀಲ ಎತ್ತಿಕೊಂಡಳು. ಕಣ್ಣಲ್ಲಿ ನೀರು.

ಅತ್ತಿಗೆ ಸೊಂಟಕ್ಕೆ ಕೈಯಿಟ್ಟು ಮೇಲೆ ನೋಡಿದಳು. ಫ್ಯಾನು ಜೋರಾಗಿಯೇ ತಿರುಗುತ್ತಿದೆ, ಆದರೆ ಅದರ ಕೆಳಗೇ ಮೇಜಿನ ಮೇಲಿರುವ ಅಳತೆ ಕಾಗದದ ಒಂದು ಮೂಲೆಯೂ ಅಲುಗುತ್ತಿಲ್ಲ. ಅಯ್ಯೋ ನನ್ನ ಬುದ್ಧಿಗಿಷ್ಟು ಬೆಂಕಿ ಬೀಳ! ಚಳಿಗಾಲದಲ್ಲಿ ಹೀಟರಿನ ಬಿಸಿಯೆಲ್ಲ ಸೂರಿಗೆ ಹೋಗಿ ಕೂರುತ್ತದೆಂದು ಅವಳೇ ಫ್ಯಾನು ಉಲ್ಟಾ ತಿರುಗುವಂತೆ ಮಾಡಿದ್ದಳು. ನಿಧಾನಕ್ಕೆ ತಿರುಗುತ್ತಾ ಗಾಳಿಯನ್ನು ಮೇಲಕ್ಕೆ ಎಳೆದರೆ, ಬಿಸಿ ಗೋಡೆಗುಂಟ ಕೆಳಗಿಳಿಯುತ್ತದೆ, ಮೈಗೆ ಗಾಳಿ ಬಡಿಯುವುದಿಲ್ಲ. ಬೇಸಿಗೆ ಬಂದಾಗ ಕಟಿಂಗ್ ಮಾಸ್ತರು, ಕಾಗದ ಹಾರುವುದಿಲ್ಲ, ಹಾಗೇ ಇರಲಿ ಎಂದು ಬೇಡಿಕೊಂಡಿದ್ದರು, ಕಾಲಿಗೆ ಬೀಳುವುದೊಂದು ಬಾಕಿ; ಅವಳೂ ಹಾಗೇ ಬಿಟ್ಟಿದ್ದಳು. ಆಮೇಲೆ ಅದು ಎಲ್ಲರಿಗೂ ಮರೆತೇ ಹೋಗಿತ್ತು.

ಫ್ಯಾನ್ ಆರಿಸಿ, ರೆಕ್ಕೆ ಪೂರ್ತಿ ನಿಲ್ಲುವ ತನಕ ಕಾದು, ಅವಳು ಮಾಸ್ತರ ಮೇಜನ್ನೇ ಹತ್ತಿದಳು.

"ಅಮ್ಮಾ, ನನ್ನ ಕಾಗದವೆಲ್ಲ ಹಾರಿಹೋಗುತ್ತೆ," ಎಂದರು ಮಾಸ್ತರು.

"ಹಾರಿದ್ದನ್ನ ಎತ್ತಿಕೊಳ್ಳಬಹುದು ಮಾಸ್ತರೇ. ಇವಳು ಬಿದ್ದರೆ?"

ಫ್ಯಾನಿನ ಮೈಮೇಲಿದ್ದ, ದಿಕ್ಕು ಬದಲಿಸುವ ಪುಟ್ಟ ಗುಂಡಿಯನ್ನು ಅವಳು ಆಚೆಗೆ ಸರಿಸಿದಳು.

ಮತ್ತೆ ಹಾಕಿದ್ದೇ ತಡ, ತೋಳು, ಕಾಲರು, ಕತ್ತಿನ ಅಳತೆ ಕಾಗದಗಳೆಲ್ಲ ದಿಕ್ಕಾಪಾಲಾದವು. ಮೇಜಿನ ಪಕ್ಕ ನಿಂತಿದ್ದ ನಾದಿನಿ ಕಣ್ಣುಮುಚ್ಚಿ ಮುಖವನ್ನು ಗಾಳಿಗೊಡ್ಡಿದಳು. ಹಣೆಯ ಬೆವರು ಆರತೊಡಗಿತು. ಅತ್ತಿಗೆಗೆ ಅಳು ಬಂದಂತಾಯಿತು, ಸಿಟ್ಟೂ ಬಂತು, ಇಷ್ಟು ದಿನ ಇದು ಹೊಳೆಯಲಿಲ್ಲವಲ್ಲ ಎಂದು.

ಮಾಸ್ತರು ಗೊಣಗುತ್ತಾ, ಮೊಣಕಾಲೂರಿ, ಮಿಷನ್‌ಗಳ ಅಡಿಯಿಂದ ಕಾಗದ ಹೆಕ್ಕಿದರು. ಆಮೇಲೆ ಯಾರೂ ಹೇಳದೆಯೇ ತಮ್ಮ ಮೇಜನ್ನು ಗೋಡೆಯ ಬದಿಗೆ ತಳ್ಳಿ, ನಾದಿನಿಯ ಮಿಷನ್ನನ್ನು ಫ್ಯಾನಿನ ಅಡಿಗೆ ಎಳೆದು ತಂದರು.

"ಕೂತ್ಕೊ ಮಗಳೇ," ಎಂದರು. "ಇನ್ಮೇಲೆ ಇದು ನಿನ್ನ ಜಾಗ."