ಬಿಸಿಲೇರಿದಾಗ ತಪ್ಪುವ ಅಳತೆ

ಆ ಕಾರ್ಖಾನೆಯಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಎಲ್ಲರಿಗೂ ಅವನು ಅಳತೆಗಾರ. ರಟ್ಟಿನ ದೊಡ್ಡ ಸುರುಳಿಯನ್ನು ಬಿಚ್ಚಿ ಹಾಳೆಗಳಾಗಿ ಕತ್ತರಿಸುವ ಯಂತ್ರದ ಮುಂದೆ ಹದಿನೆಂಟು ವರ್ಷ ನಿಂತವನು. ಯಂತ್ರದಿಂದ ಬಿದ್ದ ಹಾಳೆಯನ್ನು ನೋಡಿಯೇ "ಎರಡು ಮಿಲಿಮೀಟರ್ ಗಿಡ್ಡ" ಅನ್ನುತ್ತಿದ್ದ. ಟೇಪು ಹಿಡಿದರೆ ಎರಡೇ ಇರುತ್ತಿತ್ತು. ಹೊಸದಾಗಿ ಕೆಲಸಕ್ಕೆ ಬಂದವರು ಅವನನ್ನು ಪರೀಕ್ಷಿಸಲು ಬಾಗಿಲಿನ ಅಗಲ, ಮೇಜಿನ ಉದ್ದ ಕೇಳುವುದಿತ್ತು. ಮನೆಯಲ್ಲೂ ಅಷ್ಟೇ. ಕಿಟಕಿಯ ಪರದೆಗೆ ಬಟ್ಟೆ ತರುವಾಗ ಅವನ ಹೆಂಡತಿ ಟೇಪಿನ ಬದಲು ಗಂಡನನ್ನೇ ಕರೆದುಕೊಂಡು ಹೋಗುತ್ತಿದ್ದಳು.

ಅವನ ತಂಗಿ ಅದೇ ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್. ಅಪ್ಪ ಅಮ್ಮ ಬೇಗ ಹೋದ ಮೇಲೆ ಅಣ್ಣನೇ ಸಾಕಿ ಓದಿಸಿದ್ದ. ಮದುವೆಯ ವಯಸ್ಸು ದಾಟಿ ಎಷ್ಟೋ ವರ್ಷವಾಗಿದ್ದರೂ ಅವನ ಬಾಯಲ್ಲಿ ಅವಳು ಪುಟ್ಟಿಯೇ. ಅವನು ಹಾಗೆ ಕರೆಯುವುದನ್ನು ಕೇಳಿ ಕೇಳಿ ಇಡೀ ಕಾರ್ಖಾನೆಗೂ ಅವಳು ಪುಟ್ಟಿಯಾಗಿದ್ದಳು.

ಆ ವರ್ಷದ ಬೇಸಿಗೆಯ ಮೊದಲಲ್ಲಿ ಇಲಿಯೊಂದು ಯಂತ್ರದ ಎನ್‌ಕೋಡರ್ ಕೇಬಲ್ಲನ್ನು ಕಡಿದು ಹಾಕಿತು. ಎನ್‌ಕೋಡರ್ ಎಂದರೆ ರಟ್ಟಿನ ಮೇಲೆ ಉರುಳುವ ಗಾಲಿಗೆ ಕೂರಿಸಿದ ಪುಟ್ಟ ಡಬ್ಬಿ. ಗಾಲಿ ತಿರುಗಿದಷ್ಟೂ ಅದು ಸಣ್ಣ ಸಣ್ಣ ವಿದ್ಯುತ್ ಮಿಡಿತಗಳನ್ನು ಕಳಿಸುತ್ತದೆ. ಪ್ಯಾನೆಲ್ಲಿನೊಳಗಿನ ಕಂಟ್ರೋಲರ್ ಅವನ್ನು ಎಣಿಸಿ, ಬೇಕಾದಷ್ಟು ಉದ್ದ ಬಂದ ಕೂಡಲೇ ಕತ್ತಿಗೆ ಅಪ್ಪಣೆ ಕೊಡುತ್ತದೆ. ಹೊಸ ಕೇಬಲ್ ಸ್ಟೋರಿನಲ್ಲಿ ಇರಲಿಲ್ಲ. ಮ್ಯಾನೇಜರ್ ಗಡಿಯಾರ ನೋಡುತ್ತ ಹಿಂದೆಯೇ ನಿಂತಿದ್ದರು. ಪುಟ್ಟಿ ಕಡಿದ ಭಾಗವನ್ನು ಕತ್ತರಿಸಿ, ಪ್ಲಾಸ್ಟಿಕ್ ಡಬ್ಬಿಯೊಂದರಲ್ಲಿ ತಂತಿಗಳನ್ನು ಒಂದೊಂದಾಗಿ ಜೋಡಿಸಿದಳು. ತಂತಿಗಳ ಮೇಲೆ ಹೆಣೆದಿದ್ದ ತಾಮ್ರದ ಜಾಲರಿ ಅಡ್ಡ ಬರುತ್ತಿತ್ತು. ಅದರಲ್ಲಿ ಸಿಗ್ನಲ್ ಏನೂ ಹರಿಯುವುದಿಲ್ಲವಲ್ಲ ಎಂದು ಎರಡೂ ಕಡೆ ಕತ್ತರಿಸಿ ಅಂಟು ಟೇಪು ಸುತ್ತಿದಳು. ಯಂತ್ರ ಓಡಿತು. ಮ್ಯಾನೇಜರ್ ಬೆನ್ನು ತಟ್ಟಿದರು.

ಒಂದು ತಿಂಗಳಿಗೆ ಶೆಡ್ಡಿನ ಗೋಡೆಗೆ ದೊಡ್ಡ ಎಕ್ಸಾಸ್ಟ್ ಫ್ಯಾನ್ ಬಂತು. ಒಳಗೆ ಸೆಖೆ ಏರಿದಾಗ ತಾನಾಗಿ ಶುರುವಾಗುವಂಥದ್ದು. ಕೂರಿಸಿದ ಗುತ್ತಿಗೆಯವರು ಅದರ ಕೇಬಲ್ಲನ್ನು, ಜಾಗ ಸಿಕ್ಕಿತೆಂದು, ಎನ್‌ಕೋಡರ್ ಕೇಬಲ್ ಮಲಗಿದ್ದ, ಮಾಡಿನಡಿಯ ತಗಡಿನ ಟ್ರೇಯಲ್ಲೇ ಎಳೆದು ಹೋದರು. ಅದನ್ನು ಯಾರೂ ಗಮನಿಸಲಿಲ್ಲ.

ಅಲ್ಲಿಂದ ಹಾಳೆಗಳು ಗಿಡ್ಡವಾಗಿ ಬೀಳತೊಡಗಿದವು. ಒಮ್ಮೆ ನಾಲ್ಕು ಮಿಲಿಮೀಟರ್, ಒಮ್ಮೆ ಹನ್ನೊಂದು. ಮತ್ತೆ ಎರಡು ದಿನ ಏನೂ ಇಲ್ಲ. ಕೆಲವೊಮ್ಮೆ ರಟ್ಟಿನ ಬಿಗಿತ ತೋರಿಸುವ ಅಂಕಿಯೂ ಹುಚ್ಚು ಹಿಡಿದಂತೆ ಕುಣಿದು ಯಂತ್ರ ನಿಂತುಬಿಡುತ್ತಿತ್ತು.

"ಪುಟ್ಟಿ, ಬಿಸಿಲು ಏರಿದಾಗಲೇ ಹಿಂಗಾಗೋದು. ಬೆಳಿಗ್ಗೆ ಹೊತ್ತು ಒಂದೂ ತಪ್ಪಲ್ಲ, ಬೇಕಾದ್ರೆ ನೋಡು," ಎಂದ ಅಣ್ಣ.

ಪಕ್ಕದಲ್ಲಿದ್ದವರು ನಕ್ಕರು. "ಮಿಷನ್ನಿಗೂ ತಲೆಸುತ್ತು ಬರುತ್ತಾ ಅಳತೆಗಾರ? ಒಂದು ಟೋಪಿ ಹಾಕ್ಸು."

ಪುಟ್ಟಿಯೂ ನಕ್ಕಳು. ಮರುದಿನ ಬೆಳಿಗ್ಗೆ, ಯಂತ್ರ ಶುರುವಾಗುವ ಮುಂಚೆ, ಮೀಟರ್ ಹಿಡಿದು ಪ್ರತಿ ತಂತಿಯನ್ನೂ ಈ ತುದಿಯಿಂದ ಆ ತುದಿಯವರೆಗೆ ಎಲ್ಲಾದರೂ ತುಂಡಾಗಿದೆಯೇ ಎಂದು ನೋಡಿದಳು. ಎಲ್ಲ ಸರಿಯಿತ್ತು. ಮಳೆಗಾಲದಲ್ಲಿ ಕಾಟ ಕಡಿಮೆಯಾಗಿ, ಅದು ಮುಗಿದು ಬಿಸಿಲು ಬಿದ್ದೊಡನೆ ಮತ್ತೆ ಹೆಚ್ಚಿತು. ಗಿರಾಕಿಯೊಬ್ಬರು ಒಂದು ಲಾರಿ ಹಾಳೆಯನ್ನು ವಾಪಸು ಕಳಿಸಿದ ದಿನ ಮ್ಯಾನೇಜರ್ ಅವಳನ್ನು ಕರೆಸಿದರು.

"ನಿಮ್ಮಣ್ಣ ಅಂತ ಮುಲಾಜು ಬೇಡ. ವೈರಿಂಗ್‌ನಲ್ಲಿ ದೋಷ ಇದೆಯೋ ಇಲ್ಲವೋ? ಬರೆದುಕೊಡಿ."

ಅವಳು ಇನ್ನೊಮ್ಮೆ ಮೀಟರ್ ಹಿಡಿದು ನೋಡಿದಳು. ಆಮೇಲೆ ಬರೆದಳು: ವೈರಿಂಗ್‌ನಲ್ಲಿ ಯಾವ ದೋಷವೂ ಕಂಡುಬಂದಿಲ್ಲ. ಕೆಳಗೆ ಸಹಿ ಹಾಕಿದಳು.

ಆ ಸಂಜೆ ಅವಳು ಅಣ್ಣನ ಮನೆಗೆ ಹೋದಾಗ ಅವನು ಕೇಳಿದ. "ಹಂಗಾದ್ರೆ ಮಿಷನ್ನಿಗೆ ನಾನೇ ಉದ್ದ ತಪ್ಪಾಗಿ ಹಾಕ್ತಿದ್ದೀನಾ?"

"ನಾನು ಹಂಗೆ ಬರ್ದಿಲ್ಲ ಅಣ್ಣ."

"ವೈರಿಂಗ್ ಸರಿ, ಮಿಷನ್ ಸರಿ. ಉಳಿದಿದ್ದು ಯಾರು?"

"ವಯಸ್ಸಾಯ್ತಲ್ಲ ಅಣ್ಣ, ಒಂದ್ಸಲ ಕಣ್ಣು ತೋರಿಸ್ಕೊಂಡು ಬಾ," ಎಂದಳು. ಪ್ರೀತಿಯಿಂದಲೇ ಹೇಳಿದ್ದಳು. ಅವನು ತಲೆಯಾಡಿಸಿ ಎದ್ದು ಹೋದ.

ಚಳಿಗಾಲದ ಆರಂಭದಲ್ಲಿ ಅಳತೆಗಾರನನ್ನು ಗೋದಾಮಿಗೆ ಹಾಕಿದರು. ಯಂತ್ರಕ್ಕೆ ಬಂದ ಹೊಸ ಆಪರೇಟರ್ ಉದ್ದಕ್ಕೆ ಬಿದಿರಿನಂತಿದ್ದ, ಎಲ್ಲರೂ ಅವನನ್ನು ಬಿದಿರು ಎಂದೇ ಕರೆದರು. ಅವನು ಬಂದ ವಾರದಿಂದ ಒಂದು ಹಾಳೆಯೂ ತಪ್ಪಲಿಲ್ಲ. ಇದಕ್ಕಿಂತ ಬೇರೆ ಸಾಕ್ಷಿ ಬೇಕೇ? ಕ್ಯಾಂಟೀನಿನಲ್ಲಿ ಜನ ಅಳತೆಗಾರನ ಎದುರೇ ಮಾತಾಡಿಕೊಂಡರು. ಚಳಿಯಲ್ಲಿ ಗೋಡೆಯ ಫ್ಯಾನ್ ಒಮ್ಮೆಯೂ ತಿರುಗಿರಲಿಲ್ಲ. ಅದು ಯಾರ ತಲೆಗೂ ಹೊಳೆಯಲಿಲ್ಲ.

ಅವನು ಯಾರ ಮೇಲೂ ರೇಗಲಿಲ್ಲ. ಅದರ ಬದಲು ತನ್ನನ್ನೇ ನಂಬುವುದನ್ನು ಬಿಟ್ಟ. ಅತ್ತಿಗೆ ಒಂದು ದಿನ ಪುಟ್ಟಿಯನ್ನು ಅಡುಗೆಮನೆಗೆ ಕರೆದು ಹೇಳಿದಳು: "ನಿಮ್ಮಣ್ಣ ಚಿಲಕ ಹಾಕಿ ಮೂರು ಸಲ ಎಳೆದು ನೋಡ್ತಾರಮ್ಮ. ಲೋಟಕ್ಕೆ ನೀರು ಹಾಕೋವಾಗ ನನ್ನ ಮುಖ ನೋಡ್ತಾರೆ, ಸಾಕಾ ಅಂತ. ಮೊನ್ನೆ ರಸ್ತೆ ದಾಟೋಕೆ ನನ್ನ ಕೈ ಹಿಡ್ಕೊಂಡ್ರು. ದೂರದಲ್ಲಿ ಬರ್ತಿದ್ದ ಬಸ್ಸು ಎಷ್ಟು ದೂರ ಇದೆ ಅಂತ ಗೊತ್ತಾಗಲ್ವಂತೆ." ಕಣ್ಣಿನ ಡಾಕ್ಟರು ಏನೂ ತೊಂದರೆಯಿಲ್ಲ ಎಂದಿದ್ದರು. ಅವನು ಡಾಕ್ಟರನ್ನೂ ನಂಬಲಿಲ್ಲ. ಎರಡು ತಿಂಗಳಿಗೆ ರಾಜೀನಾಮೆ ಕೊಟ್ಟು, ಲಾರಿ ನಿಲ್ದಾಣವೊಂದರ ಗೇಟಿನಲ್ಲಿ ಗಾಡಿಗಳ ನಂಬರ್ ಬರೆದುಕೊಳ್ಳುವ ಕೆಲಸಕ್ಕೆ ಸೇರಿಕೊಂಡ.

ಮರುವರ್ಷದ ಬೇಸಿಗೆ ಬಂತು. ಬಿದಿರಿನ ಕೈಯಲ್ಲೂ ಹಾಳೆ ಗಿಡ್ಡವಾಯಿತು.

"ಮೇಡಂ, ನಾನು ಉದ್ದ ಮುಟ್ಟೇ ಇಲ್ಲ, ದೇವರಾಣೆ," ಎಂದು ಅವನು ಹೇಳಿದಾಗ ಪುಟ್ಟಿಗೆ ಬಿಸಿಲಿನ ಬಗ್ಗೆ ಅಣ್ಣ ಹೇಳಿದ್ದು ನೆನಪಾಯಿತು. ಮುಂದಿನ ರಜೆಯ ದಿನ ಅವಳೊಬ್ಬಳೇ ಶೆಡ್ಡಿಗೆ ಬಂದಳು. ಯಂತ್ರ ನಿಂತಿತ್ತು, ಪ್ಯಾನೆಲ್ಲಿಗೆ ಮಾತ್ರ ಕರೆಂಟು ಕೊಟ್ಟಳು. ಪರದೆಯ ಮೇಲೆ ಎನ್‌ಕೋಡರಿನ ಎಣಿಕೆ ಸೊನ್ನೆಯಲ್ಲಿತ್ತು. ಸ್ಟೂಲು ಹಾಕಿಕೊಂಡು ಕಾದಳು. ಹನ್ನೆರಡೂವರೆಗೆ ತಗಡಿನ ಮಾಡು ಕಾದು ಫ್ಯಾನ್ ತಾನಾಗಿ ಗುಂಯ್ಯೆಂದಿತು.

ಸೊನ್ನೆ ಏಳಾಯಿತು. ಇಪ್ಪತ್ತಾಯಿತು. ಅರುವತ್ತಾಯಿತು. ಗಾಲಿ ಮಾತ್ರ ಕೂದಲೆಳೆಯಷ್ಟೂ ಅಲುಗಿರಲಿಲ್ಲ.

ಅವಳು ಫ್ಯಾನ್ ನಿಲ್ಲಿಸಿದಳು, ಎಣಿಕೆ ನಿಂತಿತು. ಹಾಕಿದಳು, ಮತ್ತೆ ಓಡಿತು. ಏಣಿ ತಂದು ಟ್ರೇ ನೋಡಿದಳು. ಫ್ಯಾನಿನ ವೇಗ ಹಿಡಿತದಲ್ಲಿಡುವ ಡ್ರೈವ್ ಕರೆಂಟನ್ನು ಸೆಕೆಂಡಿಗೆ ಸಾವಿರಾರು ಸಲ ಕತ್ತರಿಸಿ ಕೊಡುತ್ತದೆ. ಆ ಗದ್ದಲ ಹೊತ್ತ ಕೇಬಲ್, ಮೈಮೇಲೆ ಜಾಲರಿಯೇ ಇಲ್ಲದ್ದು, ಎನ್‌ಕೋಡರ್ ಕೇಬಲ್ಲಿಗೆ ಒತ್ತಿಕೊಂಡು ಮೂವತ್ತು ಅಡಿ ಮಲಗಿತ್ತು. ಅದರ ನಡುವೆ ಅವಳೇ ಕೂರಿಸಿದ ಪ್ಲಾಸ್ಟಿಕ್ ಡಬ್ಬಿ. ಮುಚ್ಚಳ ತೆಗೆದಳು. ಹೊಸೆದಿದ್ದ ಜೋಡಿತಂತಿಗಳನ್ನು ಗೇಣುದ್ದ ಬಿಚ್ಚಿ ಹರಡಿದ್ದು ಅವಳದೇ ಕೈ. ಜಾಲರಿ ಕತ್ತರಿಸಿ ಸುತ್ತಿದ ಕಪ್ಪು ಟೇಪು ಇನ್ನೂ ಅಚ್ಚುಕಟ್ಟಾಗಿತ್ತು. ಹೊರಗಿನ ಗದ್ದಲವನ್ನು ಹಿಡಿದು ನೆಲಕ್ಕೆ ಇಳಿಸಬೇಕಾದ ಜಾಲರಿ ನಡುದಾರಿಯಲ್ಲಿ ತುಂಡಾಗಿತ್ತು. ಗದ್ದಲ ಒಳಗೆ ನುಗ್ಗಿ ಮಿಡಿತದ ವೇಷ ಹಾಕುತ್ತಿತ್ತು. ಇಲ್ಲದ ಉದ್ದವನ್ನು ಕಂಟ್ರೋಲರ್ ಎಣಿಸುತ್ತಿತ್ತು, ಕತ್ತಿ ಬೇಗ ಬೀಳುತ್ತಿತ್ತು. ಮೀಟರಿಗೆ ಇದು ಕಾಣುವುದಿಲ್ಲ. ತಂತಿಗಳೆಲ್ಲ ತುದಿಯಿಂದ ತುದಿಗೆ ಸರಿಯಾಗಿಯೇ ಇದ್ದವು.

ಅವಳು ಏಣಿಯ ಮೇಲೆಯೇ ಕೂತು, ಅಣ್ಣ ಹೇಳಿದ ಮಾತನ್ನು ನೆನೆದು, ಬಿಕ್ಕಿ ಬಿಕ್ಕಿ ಅತ್ತಳು.

ಸೋಮವಾರ ಮ್ಯಾನೇಜರರ ಮುಂದೆ ಎರಡನೆಯ ವರದಿ ಇಟ್ಟಳು. ತಪ್ಪು ತನ್ನದು ಎಂದು ಮೊದಲ ಸಾಲಿನಲ್ಲೇ ಬರೆದಿದ್ದಳು. ಅವರು ಓದಿ, ಕನ್ನಡಕ ತೆಗೆದು, "ಮೊದಲು ಸರಿ ಮಾಡಿ. ಆಮೇಲೆ ಅವರನ್ನ ಕರ್ಕೊಂಡು ಬನ್ನಿ. ನಾನೇ ಕ್ಷಮೆ ಕೇಳ್ತೀನಿ," ಎಂದರು.

ಅವಳು ನಡುವೆ ಎಲ್ಲೂ ಗಂಟಿಲ್ಲದ ಹೊಸ ಕೇಬಲ್ಲನ್ನು ಬೇರೆ ಟ್ರೇಯಲ್ಲಿ ಎಳೆದಳು. ಫ್ಯಾನಿನ ಕೇಬಲ್ಲನ್ನು ದಾಟಲೇಬೇಕಾದಲ್ಲಿ ಅಡ್ಡಡ್ಡ ದಾಟಿಸಿದಳು. ಜಾಲರಿಯನ್ನು ಬಾಲದಂತೆ ಹೊಸೆದು ಕಟ್ಟದೆ, ಎರಡೂ ತುದಿಯಲ್ಲಿ ಸುತ್ತಲೂ ಅಪ್ಪಿ ಹಿಡಿಯುವ ಲೋಹದ ಪಟ್ಟಿಯಿಂದ ಬಣ್ಣ ಕೆರೆದ ತಗಡಿಗೆ ಬಿಗಿದಳು. ಫ್ಯಾನಿಗೂ ಜಾಲರಿಯಿದ್ದ ಕೇಬಲ್ ಹಾಕಿಸಿ ಅದನ್ನೂ ಹಾಗೆಯೇ ಬಿಗಿದಳು. ಬಿಗಿತದ ಅಂಕಿ ಕುಣಿಯುತ್ತಿದ್ದುದಕ್ಕೂ ಕಾರಣ ಸಿಕ್ಕಿತು. ಆ ಸಣ್ಣ ಸಿಗ್ನಲ್ ಹೊತ್ತ ಕೇಬಲ್ಲಿನ ಜಾಲರಿಯನ್ನು ಯಾರೋ ಯಂತ್ರದ ಮೈಗೂ ಪ್ಯಾನೆಲ್ಲಿಗೂ ಕಟ್ಟಿದ್ದರು. ಎರಡು ಕಡೆಯ ಅರ್ಥಿಂಗ್ ಒಂದೇ ಮಟ್ಟದಲ್ಲಿಲ್ಲದ್ದರಿಂದ ಜಾಲರಿಯಲ್ಲೇ ಕರೆಂಟು ಹರಿಯುತ್ತಿತ್ತು. ಅದನ್ನು ಪ್ಯಾನೆಲ್ಲಿನ ತುದಿಯಲ್ಲಷ್ಟೇ ಉಳಿಸಿ, ಯಂತ್ರಕ್ಕೂ ಪ್ಯಾನೆಲ್ಲಿಗೂ ನಡುವೆ ದಪ್ಪನೆಯ ಅರ್ಥ್ ತಂತಿ ಎಳೆದಳು. ಆಮೇಲೆ ಫ್ಯಾನ್ ಹಾಕಿ ಇಡೀ ಮಧ್ಯಾಹ್ನ ನೋಡಿದಳು. ಎಣಿಕೆ ಸೊನ್ನೆಯಿಂದ ಕದಲಲಿಲ್ಲ.

ಮರುದಿನ ಲಾರಿ ನಿಲ್ದಾಣದ ಗೇಟಿನ ಬಳಿ ಹೋದಾಗ ಅಣ್ಣ ಲಾರಿಯ ನಂಬರನ್ನು ಬರೆದು, ಮತ್ತೆ ಹೊರಗೆ ಬಂದು ಓದಿ, ಬರೆದದ್ದರ ಜೊತೆ ಹೋಲಿಸುತ್ತಿದ್ದ. ಅವಳು ಎಲ್ಲವನ್ನೂ ಹೇಳಿದಳು. ಡಬ್ಬಿಯ ಕಥೆಯನ್ನೂ, ಟೇಪಿನ ಕಥೆಯನ್ನೂ ಮುಚ್ಚಿಡಲಿಲ್ಲ. ಅವನು ಮೃದುವಾಗಿ ನಕ್ಕ.

"ನನ್ನ ಸಮಾಧಾನಕ್ಕೆ ಹೇಳ್ತಿದ್ದೀಯ ಪುಟ್ಟಿ."

"ಬಂದು ನೋಡು ಅಣ್ಣ. ಕಣ್ಣಾರೆ ನೋಡು."

ಕಣ್ಣಾರೆ ಎಂಬ ಮಾತಿಗೆ ಅವನ ಮುಖ ಬಾಡಿತು. ಆದರೂ ಬಂದ. ಮ್ಯಾನೇಜರ್ ಎಲ್ಲರ ಮುಂದೆ ಅವನ ಕೈ ಹಿಡಿದು ಕ್ಷಮೆ ಕೇಳಿದರು. ನಗುತ್ತಿದ್ದವರು ತಲೆ ತಗ್ಗಿಸಿ ನಿಂತರು. ಬಿದಿರು ಪಕ್ಕಕ್ಕೆ ಸರಿದು, "ನಿಮ್ಮ ಜಾಗ, ಅಣ್ಣಾವ್ರೇ," ಎಂದ.

ಫ್ಯಾನ್ ಓಡುತ್ತಲೇ ಇತ್ತು. ಯಂತ್ರದಿಂದ ಒಂದು ಹಾಳೆ ಬಿತ್ತು. ಎಲ್ಲರೂ ಅವನ ಮುಖ ನೋಡಿದರು. ಅವನು ಹಾಳೆಯನ್ನು ಬಹಳ ಹೊತ್ತು ನೋಡಿದ. ಕೈ ಚಾಚಿ ಟೇಪು ಕೇಳಿದ. ಅಳೆದ. ಇನ್ನೊಂದು ಅಂಚಿನಿಂದ ಅಳೆದ. ಮೂರನೆಯ ಸಲವೂ ಅಳೆದ.

"ಸರಿ ಇದೆಯಾ?" ಎಂದು ತಂಗಿಯನ್ನು ಕೇಳಿದ. "ನೀನು ಹೇಳು. ನನಗೆ ಗೊತ್ತಾಗ್ತಿಲ್ಲ."

"ಸರಿ ಇದೆ ಅಣ್ಣ. ಒಂದು ಕೂದಲೂ ಹೆಚ್ಚುಕಮ್ಮಿ ಇಲ್ಲ."

ಅವನು ಟೇಪನ್ನು ಮಡಚಿ ಬಿದಿರಿನ ಕೈಗೆ ಕೊಟ್ಟ. ಮ್ಯಾನೇಜರಿಗೆ ನಮಸ್ಕಾರ ಮಾಡಿ, ಗೇಟಿನ ಕೆಲಸವೇ ಸಾಕು, ಹೊತ್ತಾಯಿತು ಎಂದ.

ಬಸ್ಸಿಗೆ ಕಾಯುವಾಗ ಪುಟ್ಟಿ ಅವನ ಕಾಲು ಮುಟ್ಟಲು ಬಗ್ಗಿದಳು. ಅವನು ತೋಳು ಹಿಡಿದು ಎತ್ತಿದ.

"ಜಾಲರಿ ಕತ್ತರಿಸಿ ಟೇಪು ಸುತ್ತಿದ್ದಕ್ಕೆ ನನಗೆ ಬೇಜಾರಿಲ್ಲ ಕಣೇ. ಅವಸರದಲ್ಲಿ ಯಾರಾದ್ರೂ ಮಾಡೋದೇ." ಬಸ್ಸು ಬರುವ ದಾರಿಯತ್ತ ನೋಡುತ್ತ ಮತ್ತೆ ಹೇಳಿದ, "ಅವರೆಲ್ಲ ಹೇಳ್ದಾಗ ನಾನು ನಂಬಿರಲಿಲ್ಲ. ನೀನು ಕಣ್ಣು ತೋರಿಸ್ಕೋ ಅಂದ್ಯಲ್ಲ, ಅವತ್ತು ನಂಬಿಬಿಟ್ಟೆ."

ಬಸ್ಸು ಬಂತು. ಅವನು ಹತ್ತಿ ಕಿಟಕಿಯ ಪಕ್ಕ ಕೂತು, ಅತ್ತಿಗೆ ಕಾಯುತ್ತಿರುತ್ತಾಳೆ, ಭಾನುವಾರ ಊಟಕ್ಕೆ ಬಾ ಎಂದು ಕೂಗಿ ಹೇಳಿದ. ಅವಳು ಬರುತ್ತೇನೆಂದು ತಲೆಯಾಡಿಸಿದಳು. ಬಸ್ಸು ಹೋದ ಮೇಲೂ ಬಹಳ ಹೊತ್ತು ಅಲ್ಲೇ ನಿಂತಿದ್ದಳು.