ಅರವತ್ತು ಸೆಕೆಂಡಿನೊಳಗಿನ ಟಿಪ್ಪಣಿ

ಸಾಮ್ರಾಜ್ಯಗಳ ಏಳುಬೀಳಿಗಿಂತ ಗಂಭೀರವಾದ ವಿಚಾರವೊಂದಿದೆ: ಫೋನ್ ಇಟ್ಟ ಮೇಲಿನ ಅರವತ್ತು ಸೆಕೆಂಡು.

ವಾಷಿಂಗ್ ಮೆಷಿನ್ ಕಂಪನಿಯೊಂದರ ಕಾಲ್ ಸೆಂಟರಿನಲ್ಲಿ ಕರೆ ಮುಗಿದೊಡನೆ ಪರದೆಯ ಮೂಲೆಯಲ್ಲಿ ಹಳದಿ ಗಡಿಯಾರ ಓಡತೊಡಗುತ್ತದೆ. ಅದಕ್ಕೆ ‘ರ್ಯಾಪ್’ ಎನ್ನುತ್ತಾರೆ. ಗ್ರಾಹಕರ ದೂರೇನು, ಹೇಳಿದ ಪರಿಹಾರವೇನು, ಮುಂದೇನು ಎಂದು ಆಗ ಬರೆದಿಡಬೇಕು. ‘ರೆಡಿ’ ಒತ್ತುವವರೆಗೆ ಹೊಸ ಕರೆ ಬಾರದು; ಒತ್ತಿದರೆ, ಸಾಲಿನಲ್ಲಿ ಕಾದವರು ನೇರ ಕಿವಿಗೇ.

ಹನ್ನೆರಡು ವರ್ಷ ಮನೆಯಲ್ಲಿದ್ದು ಮತ್ತೆ ಕೆಲಸಕ್ಕೆ ಬಂದು, ಅಲ್ಲಿನವರಿಗೆಲ್ಲ ‘ಅಕ್ಕ’ನಾಗಿದ್ದವಳು ಬರೆಯುತ್ತಿದ್ದುದು ನೂರಮೂವತ್ತು ಸೆಕೆಂಡು. ಹಾಗಾಗಿ ಅವಳ ಅಡ್ಡಹೆಸರು ‘ಕಾದಂಬರಿ’.

“ಕಾದಂಬರಿ ಅಕ್ಕ, ನಾಳೆ ಶುಕ್ರವಾರ, ನಿಮ್ಮ ಪರೀಕ್ಷಾವಧಿಯ ಕೊನೇ ದಿನ. ಅವತ್ತಿನ ಸರಾಸರಿ ಅರವತ್ತರೊಳಗೆ ಬರದಿದ್ರೆ ನಿಮ್ಮನ್ನ ಖಾಯಂ ಮಾಡೋಕಾಗಲ್ಲ,” ಎಂದ ಟೀಮ್ ಲೀಡರ್, ಗುರುವಾರ ಬೆಳಗ್ಗೆ ಬಂದೊಡನೆ. ವಯಸ್ಸಿನಲ್ಲಿ ಅವಳ ಕೊನೆಯ ತಮ್ಮನಷ್ಟು. ಮುಖದ ಗತ್ತಿನಲ್ಲಿ ಅವಳ ಮಾವನಷ್ಟು.

ಪಕ್ಕದ ಸೀಟಿನ ‘ಗಿಳಿ’ ಪಿಸುಗುಟ್ಟಿದಳು: “‘ಮಾಹಿತಿ ನೀಡಲಾಗಿದೆ’ ಅಂತ ಹಾಕಿ ಒತ್ತಿಬಿಡಕ್ಕಾ. ನಾನು ಎಲ್ಲದಕ್ಕೂ ಅದನ್ನೇ ಹಾಕೋದು.”

ಬೆಳಗ್ಗೆಯೆಲ್ಲ ಅಕ್ಕ ಅದನ್ನೇ ಹಾಕಿದಳು. ಹತ್ತು ಸೆಕೆಂಡು! ಊಟದ ಹೊತ್ತಿಗೆ ಅವಳಿಗೆ ರೆಕ್ಕೆ ಮೂಡಿತ್ತು.

ಮಧ್ಯಾಹ್ನ ಒಬ್ಬ ಅಜ್ಜಿಯ ಕರೆ: “ಬೆಳಗ್ಗೆನೇ ಎಲ್ಲಾ ಹೇಳಿದ್ನಲ್ಲಮ್ಮಾ! ಮತ್ತೆ ರಾಮಾಯಣ ಓದಿಸ್ತೀರಾ?”

ಅಕ್ಕ ಹಳೆಯ ದಾಖಲೆ ತೆರೆದಳು. ‘ಮಾಹಿತಿ ನೀಡಲಾಗಿದೆ.’ ಕೆಳಗೆ ಅವಳದೇ ಐಡಿ. ಯಾವ ಮಾಹಿತಿ? ನಡುವೆ ಮೂವತ್ತು ಕರೆ ಹಾದುಹೋಗಿದ್ದವು, ಒಂದಕ್ಷರವೂ ನೆನಪಿಲ್ಲ.

“ತಪ್ಪು ನಂದೇ ಅಜ್ಜಿ. ಇನ್ನೊಂದ್ಸಲ ಹೇಳಿ, ಈ ಸಲ ಬರ್ಕೊಳ್ತೀನಿ.”

“ನೀರು ಹೊರಗೇ ಹೋಗಲ್ಲ. ಫಿಲ್ಟರ್ ತೊಳ್ದೆ, ಆದ್ರೂ ಹೋಗ್ಲಿಲ್ಲ. ಮೆಷಿನ್ ನಂಬರ್ ಬೇಕಾ? ತಡಿ, ಕನ್ನಡಕ ಎಲ್ಲಿಟ್ನೋ...”

ಆ ಕಡೆ ಡಬ್ಬ ಉರುಳಿತು, ಬಾಗಿಲು ಕಿರುಗುಟ್ಟಿತು. ಅಕ್ಕ ಎಂದಿನಂತೆ ಕೈಕಟ್ಟಿ ಕೂರಲಿಲ್ಲ, ಟೈಪ್ ಮಾಡಿದಳು. ಅಜ್ಜಿ ನಂಬರಿನೊಂದಿಗೆ ಮರಳುವಷ್ಟರಲ್ಲಿ ಟಿಪ್ಪಣಿ ಮುಕ್ಕಾಲು ಮುಗಿದಿತ್ತು.

“ನೀರು ಹೊರಹೋಗುತ್ತಿಲ್ಲ, ಫಿಲ್ಟರ್ ತೊಳೆದಾಗಿದೆ, ನಾಳೆ ಹತ್ತಕ್ಕೆ ಮೆಕ್ಯಾನಿಕ್. ಸರಿನಾ ಅಜ್ಜಿ?”

“ಇದನ್ನ ಬೆಳಗ್ಗೆನೇ ಬರೆಯೋಕೆ ಏನಾಗಿತ್ತೇ?”

ಫೋನ್ ಇಟ್ಟಾಗ ಉಳಿದಿದ್ದು ದೂರಿನ ಬಗೆ ಆರಿಸಿ ‘ರೆಡಿ’ ಒತ್ತುವುದಷ್ಟೇ. ಹದಿನಾಲ್ಕು ಸೆಕೆಂಡು, ಒಂದು ಮಾತೂ ಬಿಡದ ಟಿಪ್ಪಣಿ.

ಶುಕ್ರವಾರವಿಡೀ ಗ್ರಾಹಕರು ಬಿಲ್ಲು, ಕನ್ನಡಕ, ಗಂಡನನ್ನು ಹುಡುಕುತ್ತಿದ್ದ ಹೊತ್ತಿನಲ್ಲೆಲ್ಲ ಅಕ್ಕ ಬರೆದಳು. ಅವಸರದ ಗ್ರಾಹಕರು ಸಿಕ್ಕಾಗ ಮಾತ್ರ ಹಳದಿ ಗಡಿಯಾರ ನೂರು ದಾಟಿತು.

ಸಂಜೆ ಟೀಮ್ ಲೀಡರ್ ಪಟ್ಟಿ ನೋಡಿ, “ಏನ್ ಮಂತ್ರ ಹಾಕಿದ್ರಿ ಅಕ್ಕ? ಮಾತಿನ ಸಮಯನೂ ಜಾಸ್ತಿ ಆಗಿಲ್ವಲ್ಲ!” ಎಂದ.

“ಅವರು ಹುಡುಕೋವಾಗ ನಾನು ಬರಿಯೋದು, ಅಷ್ಟೇ.”

ಗಿಳಿ ಕುರ್ಚಿಯನ್ನು ಹತ್ತಿರ ಎಳೆದುಕೊಂಡಳು. “ಹೇಳ್ಕೊಡಕ್ಕಾ.”

ಸರಾಸರಿ ಐವತ್ತೇಳು ಸೆಕೆಂಡು ಬಂದಿತ್ತು. ಸೋಮವಾರ ಅಕ್ಕನ ಕೆಲಸ ಖಾಯಂ ಆಯಿತು.