ಬಲಬದಿಯ ಗಾಲಿ

ಮಧ್ವೇಶ ಸರ್‌ಗೆ ಮೋಟಾರ್‌ಸೈಕಲ್ಲಿನ ಗಾಲಿ ನೋಡಲು ಬರುವುದಿಲ್ಲ ಎಂದು ನನಗೆ ಸಿಟ್ಟಿಲ್ಲ. ಬರದಿದ್ದರೆ ಕಲಿಯಬಹುದು. ಕಣ್ಣ ಮುಂದೆ ಹಿಡಿದು ತೋರಿಸಿದರೂ ನೋಡುವುದಿಲ್ಲ ಅನ್ನುವವರನ್ನು ಕಂಡರೆ ಮಾತ್ರ ಮೈ ಉರಿಯುತ್ತದೆ.

ಈ ಮರಾಠಿ ಊರಿನ ಶಿವಾಜಿನಗರದಲ್ಲಿರುವ ನಮ್ಮ ವಿಮಾ ಕಚೇರಿಯಲ್ಲಿ ನನ್ನ ಕೆಲಸ ಇಷ್ಟೇ. ಅಪಘಾತವಾದ ಗಾಡಿಯ ಫೋಟೋಗಳನ್ನು ಗ್ಯಾರೇಜಿನವರು ನಮ್ಮ ಆ್ಯಪ್‌ನಲ್ಲಿ ಕಳಿಸುತ್ತಾರೆ, ಜೊತೆಗೆ ಏನೇನು ಬದಲಿಸಬೇಕೆಂದು ಬರೆಯುತ್ತಾರೆ. ಎರಡೂ ಹೊಂದುತ್ತವೆಯೋ ಇಲ್ಲವೋ ನಾನು ನೋಡುತ್ತೇನೆ. ಕೊನೆಯ ಮಾತು ಮಧ್ವೇಶ ಸರ್ ಅವರದು. ಅವರ ಮನೆತನವೂ ಧಾರವಾಡದ್ದು, ನಮ್ಮದೂ ಧಾರವಾಡದ್ದು. ಕಚೇರಿಯಲ್ಲಿ ಎಲ್ಲರ ಎದುರು ಮರಾಠಿ, ಬಾಗಿಲು ಹಾಕಿಕೊಂಡರೆ ಕನ್ನಡ.

ಊರ ಹೊರವಲಯದ ವಾಕಡದಲ್ಲಿ ಶಿವಪುತ್ರಪ್ಪನವರ ಗ್ಯಾರೇಜು ಇದೆ. ಬೆಳಗಾವಿ ಕಡೆಯವರು. ಮೊದಲ ಸಲ ಫೋನಿನಲ್ಲಿ ನನ್ನ ಮರಾಠಿ ಕೇಳಿಯೇ ಗುರುತು ಹಿಡಿದು, ನೀವು ನಮ್ಮ ಕಡೆಯವರೇ ಹೌದಲ್ರೀ ಎಂದು ಕೇಳಿದ್ದರು. ಅಂದಿನಿಂದ ನಾನು ಅವರಿಗೆ ತಂಗಿ. ಹಾಗೆಂದು ಒಂದು ದಿನವೂ ಒಂದು ನಟ್ಟು ಹೆಚ್ಚಿಗೆ ಬರೆದವರಲ್ಲ. ನಮ್ಮ ಕಂಪನಿಯ ಗಾಡಿಗಳೇ ಅವರ ಗ್ಯಾರೇಜಿನ ಜೀವಾಳ.

ಕಳೆದ ವಾರ ಕಾಶಪ್ಪ ಅನ್ನುವ ಅವರ ಗಿರಾಕಿಯ ಗಾಡಿಗೆ ಕಾರು ಗುದ್ದಿತು. ಮುಂದಿನ ಗಾಲಿ ಹಿಡಿಯುವ ಫೋರ್ಕು ಬಾಗಿದೆ, ಬ್ರೇಕಿನ ಡಿಸ್ಕ್ ಪ್ಲೇಟು ಸೊಟ್ಟಾಗಿದೆ, ಅದನ್ನು ಕಚ್ಚಿ ನಿಲ್ಲಿಸುವ ಕ್ಯಾಲಿಪರ್ ಒಡೆದಿದೆ ಎಂದು ಶಿವಪುತ್ರಪ್ಪ ಬರೆದು ಫೋಟೋ ಕಳಿಸಿದರು. ನಾನು ಸರಿ ಎಂದೆ. ಮಧ್ವೇಶ ಸರ್ ಫೋಟೋ ತೆರೆದು, ಗಾಲಿಯ ನಡುವಿಗೆ ಬಂದು ಸೇರಿದ ಕಪ್ಪು ಕೇಬಲ್ಲಿನ ಮೇಲೆ ಬೆರಳಿಟ್ಟು, ಇದು ಡ್ರಮ್ ಬ್ರೇಕಿನ ಗಾಡಿ, ಡಿಸ್ಕಿನ ಸಾಮಾನು ಯಾಕೆ ಬೇಕು ಎಂದರು. ಆ ಗಾಡಿ ಎರಡೂ ಬಗೆಯಲ್ಲಿ ಬರುತ್ತದೆ. ಪಾಲಿಸಿಯಲ್ಲಿ ಯಾವುದೆಂದು ಬರೆದಿರಲಿಲ್ಲ. ನಾನು ಬಾಯಿ ತೆರೆಯುವುದರೊಳಗೆ ಕ್ಲೇಮು ತಿರಸ್ಕಾರವಾಯಿತು, ಗ್ಯಾರೇಜನ್ನು ಪಟ್ಟಿಯಿಂದ ತೆಗೆದರು, ಮೋಸದ ಯತ್ನ ಎಂದು ಶಿವಪುತ್ರಪ್ಪನವರ ಹೆಸರು ಹಾಕಿ ಎಲ್ಲ ಶಾಖೆಗಳಿಗೂ ಮೇಲ್ ಹೋಯಿತು.

ಅದು ಬ್ರೇಕಿನ ಕೇಬಲ್ಲೇ ಅಲ್ಲ. ವೇಗ ತೋರಿಸುವ ಸ್ಪೀಡೋಮೀಟರಿನ ಕೇಬಲ್ಲು. ಡ್ರಮ್ ಬ್ರೇಕಾಗಿದ್ದರೆ ಆ ಕೇಬಲ್ಲಿನ ತುದಿ ಒಂದು ಸಣ್ಣ ಕಬ್ಬಿಣದ ತೋಳನ್ನು ಹಿಡಿದು ಎಳೆಯಬೇಕು, ಆಗಲೇ ಒಳಗಿನ ಬ್ರೇಕ್ ಶೂ ಹಿಗ್ಗಿ ಡ್ರಮ್ಮಿಗೆ ಒತ್ತುವುದು. ಬಿಗಿ ಮಾಡಲು ನಟ್ಟು ಇರಬೇಕು. ಗಾಲಿಯ ನಡುವಿನ ಗುಂಭ, ಅಂದರೆ ಹಬ್ಬು, ದೋಸೆ ಹಂಚಿನ ಹಾಗೆ ಅಗಲವಾಗಿರಬೇಕು. ಈ ಫೋಟೋದಲ್ಲಿ ತೋಳಿಲ್ಲ, ನಟ್ಟಿಲ್ಲ, ಹಬ್ಬು ಮುಷ್ಟಿಯಷ್ಟಿದೆ. ಕೇಬಲ್ಲು ನೇರವಾಗಿ ಒಂದು ಪುಟ್ಟ ಡಬ್ಬಿಯೊಳಗೆ ಹೋಗಿ ಮುಗಿಯುತ್ತದೆ. ಫೋಟೋ ದೊಡ್ಡದು ಮಾಡಿದರೆ ಅಲಾಯ್ ಗಾಲಿಯ ಕಡ್ಡಿಗಳ ಸಂದಿಯಲ್ಲಿ, ಆಚೆ ಬದಿಯ ಡಿಸ್ಕ್ ಪ್ಲೇಟಿನ ತೂತುಗಳು ಕತ್ತಲಲ್ಲಿ ಕಾಣುತ್ತವೆ.

ಆಚೆ ಬದಿ ಎಂದೆನಲ್ಲ, ತಕರಾರೆಲ್ಲ ಅಲ್ಲಿಯೇ. ಈ ಗಾಡಿಯ ಡಿಸ್ಕು, ಕ್ಯಾಲಿಪರು ಎಡಕ್ಕಿವೆ. ನಮ್ಮ ಆ್ಯಪ್ ಬಲಬದಿಯ ಫೋಟೋ ಒಂದನ್ನೇ ತೆಗೆದುಕೊಳ್ಳುತ್ತದೆ. ಚಾಸಿ ನಂಬರು ಬಲಕ್ಕಿರುತ್ತದೆ ಎಂದು ಯಾರೋ ಜಾಣರು ಮಾಡಿಟ್ಟ ನಿಯಮ. ಶಿವಪುತ್ರಪ್ಪ ಎಡಬದಿಯ ಫೋಟೋ ನನ್ನ ಫೋನಿಗೆ ಕಳಿಸಿದರು. ಆ್ಯಪ್‌ನಲ್ಲಿ ಬರದ ಫೋಟೋ ನಾನು ನೋಡುವುದಿಲ್ಲ, ಅದು ಬೇರೆ ಯಾರದೋ ಗಾಡಿ ಇರಬಹುದು ಎಂದರು ಮಧ್ವೇಶ ಸರ್.

ಹಾಗಾದರೆ ಆ್ಯಪ್‌ನಲ್ಲಿ ಬಂದದ್ದನ್ನೇ ಸರಿಯಾಗಿ ನೋಡಿ ಎಂದು ನಾನು ಹಠ ಹಿಡಿದೆ. ಸರ್ ಎದ್ದು ಬಾಗಿಲು ಹಾಕಿದರು. ಅಂದರೆ ಇನ್ನು ಕನ್ನಡ.

"ಅಂವ ನಮ್ಮಾಂವ ಅದಾನ, ನಂಗೂ ಗೊತ್ತದ ನೀಲಿಮಾ. ಅದಕ್ಕ ಹೇಳತೇನಿ. ನಾ ಇದನ್ನ ಪಾಸ್ ಮಾಡಿದ್ರ, ಕನ್ನಡದವರು ಕನ್ನಡದವರನ್ನ ಸಾಕತಾರ ಅಂತ ನಾಳೆ ಇದ ಆಫೀಸಿನ್ಯಾಗ ಅಂತಾರ. ಬ್ಯಾರೇದಾಂವ ಆಗಿದ್ರ ಇನ್ನೊಮ್ಮೆ ನೋಡತಿದ್ದೆ."

ತನ್ನ ಅಂಗಿಗೆ ಕಲೆ ಹತ್ತಬಾರದೆಂದು ಇನ್ನೊಬ್ಬನ ಮುಖಕ್ಕೆ ಮಸಿ ಬಳಿಯುವುದು ಎಂಥ ಪ್ರಾಮಾಣಿಕತೆ? ಪಕ್ಷಪಾತ ಅಂದರೆ ಇದೇ ಪಕ್ಷಪಾತ, ಮುಖ ಮಾತ್ರ ಆಚೆ ತಿರುಗಿದೆ.

ಮರುದಿನ ಶಿವಪುತ್ರಪ್ಪ ತಾವೇ ಬಂದರು. ಕೈಚೀಲದಲ್ಲಿ ಒಡೆದ ಕ್ಯಾಲಿಪರು, ಸೊಟ್ಟಾದ ಡಿಸ್ಕ್ ಪ್ಲೇಟು. ಇನ್ನೊಂದು ವಿಮಾ ಕಂಪನಿಯವರೂ ಸುದ್ದಿ ಕೇಳಿ ಗಾಡಿ ಕಳಿಸುವುದನ್ನು ನಿಲ್ಲಿಸಿದ್ದಾರಂತೆ. ಮಧ್ವೇಶ ಸರ್ ಕೋಣೆಯಿಂದ ಹೊರಗೆ ಬಂದು, ಎಲ್ಲರಿಗೂ ಕೇಳುವಂತೆ ಮರಾಠಿಯಲ್ಲಿ, ಇಂಥ ಒಡೆದ ಸಾಮಾನು ಎಲ್ಲಿಂದಲಾದರೂ ತರಬಹುದು, ಆಕ್ಷೇಪಣೆ ಇದ್ದರೆ ಬರೆದು ಕೊಡಿ ಎಂದು ಒಳಗೆ ಹೋದರು. ಶಿವಪುತ್ರಪ್ಪ ನನ್ನ ಕಡೆ ನೋಡಿದರು. "ತಂಗಿ, ನಾ ಕಳ್ಳ ಅಲ್ಲವ್ವಾ," ಎಂದರು, ಕನ್ನಡದಲ್ಲಿ, ಅಷ್ಟು ಜನರ ನಡುವೆ. ನಾನು ತಲೆ ಅಲ್ಲಾಡಿಸುವುದರೊಳಗೆ ಅವರು ಮೆಟ್ಟಿಲು ಇಳಿಯುತ್ತಿದ್ದರು.

ನನ್ನ ಸಿಟ್ಟಿಗೆ ದಾರಿ ಸಿಕ್ಕಿದ್ದು ಕೆಳಗೆ ಪಾರ್ಕಿಂಗಿನಲ್ಲಿ. ಮಧ್ವೇಶ ಸರ್ ಅವರದೂ ಅದೇ ಗಾಡಿ, ಡಿಸ್ಕಿನದೇ. ದಿನಾಲೂ ಬಲಬದಿ ಗೋಡೆಗೆ ತಾಗುವಂತೆ ನಿಲ್ಲಿಸುತ್ತಾರೆ. ಆ ಬದಿಯಿಂದ ತಮ್ಮ ಗಾಡಿಯನ್ನು ಅವರು ಎಂದಾದರೂ ನೋಡಿದ್ದಾರೋ ಇಲ್ಲವೋ. ನಾನು ಸೀರೆ ಮಸಿಯಾದರೂ ಆಗಲಿ ಎಂದು ಗೋಡೆಯ ಸಂದಿಯಲ್ಲಿ ತೂರಿ, ಮುಂದಿನ ಗಾಲಿಯಷ್ಟನ್ನೇ ಬಲದಿಂದ ಫೋಟೋ ತೆಗೆದೆ. ಆಮೇಲೆ ಎಡದಿಂದ ಇನ್ನೊಂದು, ನಂಬರ್ ಪ್ಲೇಟು ಕಾಣುವ ಹಾಗೆ.

ಮೊದಲನೆಯದನ್ನು ಕಚೇರಿಯ ವಾಟ್ಸಾಪ್ ಗುಂಪಿಗೆ ಹಾಕಿದೆ. ಆ ಗುಂಪಿನಲ್ಲಿ ಮುಂಬೈಯ ಮೇಲಧಿಕಾರಿಗಳೂ ಇದ್ದಾರೆ. ಗ್ಯಾರೇಜಿನವರು ಡಿಸ್ಕ್ ಸಾಮಾನು ಕೇಳಿದರೆ ಇಂಥ ಗಾಲಿಗೆ ಏನು ಮಾಡಬೇಕು ಎಂದು ಮರಾಠಿಯಲ್ಲಿ ಕೇಳಿದೆ. ಚಹಾ ಆರುವ ಮೊದಲೇ ಮಧ್ವೇಶ ಸರ್ ಅವರ ಉತ್ತರ ಬಂತು: ಡ್ರಮ್, ಬ್ರೇಕ್ ಕೇಬಲ್ ಸ್ಪಷ್ಟವಾಗಿ ಕಾಣುತ್ತಿದೆ, ತಿರಸ್ಕರಿಸಿ, ಗ್ಯಾರೇಜಿನ ಹೆಸರು ವರದಿ ಮಾಡಿ. ಕೆಳಗೆ ಒಪ್ಪಿಗೆಯ ಎರಡು ಹೆಬ್ಬೆರಳೂ ಬಿದ್ದವು. ಆಗ ನಾನು ಎರಡನೆಯ ಫೋಟೋ ಹಾಕಿದೆ, ಒಂದು ಅಕ್ಷರವನ್ನೂ ಬರೆಯದೆ. ಹೊಳೆಯುವ ಡಿಸ್ಕ್ ಪ್ಲೇಟು, ಅದನ್ನು ಕಚ್ಚಿ ಹಿಡಿದ ಕ್ಯಾಲಿಪರು, ಮೇಲೆ ಸರ್ ಗಾಡಿಯ ನಂಬರು.

ಸರ್ ನನ್ನನ್ನು ಒಳಗೆ ಕರೆದು ಬಾಗಿಲು ಹಾಕಲು ಹೋದರು. ನಾನು ಬಾಗಿಲಿಗೆ ಕೈ ಅಡ್ಡ ಹಿಡಿದು ನಿಂತೆ.

"ನನ್ನ ಗಾಡಿ ಅಂತ ಮೊದಲ ಹೇಳಬೇಕಿತ್ತಲ್ಲ," ಎಂದರು ದನಿ ತಗ್ಗಿಸಿ.

"ಕಾಶಪ್ಪನ ಗಾಡಿ ಅಂತ ಮೊದಲ ಹೇಳಿದ್ದೆ ರೀ ಸರ್," ಎಂದೆ ನಾನು, ದನಿ ತಗ್ಗಿಸದೆ. "ಎರಡೂ ಗಾಲಿ ಒಂದ ನಮೂನಿ ಇದ್ದವು. ನೀವು ನೋಡಲಿಲ್ಲ."

ಮುಂಬೈಯಿಂದ ಸರ್‌ಗೆ ಫೋನು ಬಂತು. ಸಂಜೆಯೊಳಗೆ ಕ್ಲೇಮು ಮಂಜೂರಾಯಿತು, ಗ್ಯಾರೇಜು ಪಟ್ಟಿಗೆ ಮರಳಿತು, ಎಡಬದಿಯ ಫೋಟೋವೂ ಬೇಕು ಎಂದು ಹೊಸ ನಿಯಮ ಬಂತು. ಮೋಸದ ಯತ್ನ ಎಂಬ ಮೇಲನ್ನು ಮಾತ್ರ ಹಿಂದಕ್ಕೆ ಪಡೆಯಲಿಲ್ಲ. ತಾಂತ್ರಿಕ ಕಾರಣದಿಂದ ಮರುಪರಿಶೀಲಿಸಲಾಗಿದೆ ಎಂದು ಇನ್ನೊಂದು ಮೇಲ್ ಹೋಯಿತು. ತಪ್ಪಾಯಿತು ಎಂಬ ಪದ ಅದರಲ್ಲಿ ಎಲ್ಲಿಯೂ ಇರಲಿಲ್ಲ. ನಾನು ಸೇರಿಸಿ ಕೊಟ್ಟದ್ದನ್ನು ಸರ್ ತೆಗೆದುಹಾಕಿದ್ದರು.

ನಾನೇ ಹೇಳಬೇಕೆಂದು ಶಿವಪುತ್ರಪ್ಪನವರಿಗೆ ಫೋನು ಮಾಡಿದೆ. ಗೆದ್ದವಳ ಹುರುಪಿತ್ತು ನನಗೆ. "ಅಣ್ಣಾರ, ಎಲ್ಲಾ ಸರಿ ಆತ್ರಿ," ಎಂದು ಶುರು ಮಾಡಿ, ಗೋಡೆಯ ಸಂದಿಯಲ್ಲಿ ತೂರಿದ್ದನ್ನೂ ಬಿಡದೆ ಎಲ್ಲವನ್ನೂ ಕನ್ನಡದಲ್ಲಿ ಹೇಳಿದೆ. ಗ್ಯಾರೇಜಿನ ಸುತ್ತಿಗೆಯ ಸದ್ದಿನ ನಡುವೆ ಅವರು, ಮೋಸ ಅಂತ ಹೋದ ಮೇಲ್ ವಾಪಸ್ ಪಡೆದರೇನು ಎಂದಷ್ಟೇ ಕೇಳಿದರು, ನಾನು ಇಲ್ಲ ಎಂದೆ.

"ಠೀಕ ಆಹೆ, ಮ್ಯಾಡಮ್," ಎಂದು ಮರಾಠಿಯಲ್ಲಿ ಹೇಳಿ ಅವರು ಫೋನಿಟ್ಟರು.